ಆಡಿಟರ್ ಕಾಲ್ ರೆಕಾರ್ಡಿಂಗ್‌ನಿಂದ ಮಾಡಿದ ಪಟ್ಟಿಯಲ್ಲಿ 1,03,000, ಪೋರ್ಟಲ್‌ನಲ್ಲಿ 67,610: ಯಾವುದು ಸರಿ?

ನೀಲಿಶಾಯಿ:
ಎಲ್ಲರಿಗೂ ನಮಸ್ಕಾರ. ನನಗೆ ಸಂಬಳ ಬರುತ್ತೆ, ಒಂದು ಮನೆಯ ಬಾಡಿಗೆ ಇದೆ, ಸ್ವಲ್ಪ ಎಫ್‌ಡಿ ಬಡ್ಡಿ ಇದೆ. 2024-25ರ ಅಸೆಸ್‌ಮೆಂಟ್ ವರ್ಷದ ರಿಟರ್ನ್ ಬಗ್ಗೆ ಈ ಜುಲೈ ಮೊದಲ ವಾರ ಆಡಿಟರ್ ಜೊತೆ ಮಾತಾಡಿದೆ. ಅವರ ಒಪ್ಪಿಗೆ ತೆಗೆದುಕೊಂಡೇ ರೆಕಾರ್ಡ್ ಮಾಡಿದ್ದು. ಆಮೇಲೆ ಕೇಳಿಸಿಕೊಂಡು ಒಂದು ಪುಟದ ಪಟ್ಟಿ ಮಾಡಿದ್ದೇನೆ: ಏನು ಮಾಡಬೇಕು, ಯಾವಾಗ, ಯಾವ ಕಾಗದ, ಎಷ್ಟು ದುಡ್ಡು.

ದುಡ್ಡಿನ ಭಾಗ ತಾಳೆ ಆಗುತ್ತಿಲ್ಲ. ಪಟ್ಟಿಯಲ್ಲಿ ಸಂಬಳ-ಬಾಡಿಗೆಗೆ 41,000, ಎಫ್‌ಡಿಗೆ 62,000, ಒಟ್ಟು 1,03,000 ಬಂದಿದೆ. ಪೋರ್ಟಲ್‌ನಲ್ಲಿ ಡ್ರಾಫ್ಟ್ ತುಂಬಿದರೆ 67,610 ತೋರಿಸುತ್ತೆ. ಆಡಿಟರ್ ಈಗ ಸಿಕ್ಕಾಪಟ್ಟೆ ಬ್ಯುಸಿ, ಫೋನ್ ಎತ್ತುತ್ತಿಲ್ಲ. ಕೊನೆ ದಿನ ಜುಲೈ 15 ಅಂತ ಬರೆದುಕೊಂಡಿದ್ದೇನೆ, ಅದಕ್ಕೇ ಗಾಬರಿ.

ಮೈಕ್_ರಾಮು:
ರೆಕಾರ್ಡಿಂಗ್ ಸ್ಪಷ್ಟವಾಗಿಲ್ಲ ಅನ್ಸುತ್ತೆ. ಸ್ಪೀಕರ್ ಆನ್ ಮಾಡಿ ಇನ್ನೊಂದು ಫೋನ್‌ನಲ್ಲಿ ರೆಕಾರ್ಡ್ ಮಾಡಿದ್ರೆ ಹೀಗೇ ಆಗೋದು. ಇಯರ್‌ಫೋನ್ ಹಾಕಿ ಇನ್ನೊಂದು ಸಲ ಕೇಳಿ.

ನೀಲಿಶಾಯಿ:
ಧ್ವನಿ ಚೆನ್ನಾಗೇ ಇದೆ ಸರ್. ಪ್ರತಿ ಅಂಕಿಯೂ ಕೇಳಿಸುತ್ತೆ. ಯಾವುದನ್ನ ಇಟ್ಟುಕೊಳ್ಳಬೇಕು ಅನ್ನೋದೇ ಗೊತ್ತಾಗುತ್ತಿಲ್ಲ.

ಹಳೇ_ಲೆಡ್ಜರ್:
ಮೇಡಂ, ಪಟ್ಟಿ ಬೇಡ. ಅಂಕಿ ಬಂದ ಕಡೆಯ ಮಾತನ್ನ ಅವರು ಹೇಳಿದ ಹಾಗೇ, ನಿಮಿಷದ ಸಮೇತ ಹಾಕಿ. ಹಿಂದಿನ ಮುಂದಿನ ವಾಕ್ಯವೂ ಇರಲಿ.

ನೀಲಿಶಾಯಿ:
```
06:10  ಫಾರ್ಮ್ 16, ಬಾಡಿಗೆ ಇಷ್ಟೇ ನೋಡಿದ್ರೆ ನಲವತ್ತೊಂದು ಬರುತ್ತೆ
14:32  AIS ನಲ್ಲಿ ಎಫ್‌ಡಿ ಬಡ್ಡಿ ತೊಂಬತ್ತೊಂಬತ್ತು ಇದೆಯಲ್ಲ,
       ಅದನ್ನ ಸೇರಿಸ್ಬೇಕು. ಆಗ ಅರವತ್ತೆರಡು ಆಗುತ್ತೆ
21:05  ಬಡ್ಡಿ ಸೇರಿ ಅರವತ್ತೇಳೂವರೆ ಹತ್ರ, ಈ ತಿಂಗಳೇ ಕಟ್ಟಿದ್ರೆ
27:40  ಆಗಸ್ಟ್‌ಗೆ ಹೋದ್ರೆ ಎಪ್ಪತ್ನಾಲ್ಕರ ಹತ್ರ ಹೋಗುತ್ತೆ
```

ಕಡೇಮಾತು:
ಸುಲಭ. ಆಡಿಟರ್ ಮಾತಾಡ್ತಾ ಮಾತಾಡ್ತಾ ಲೆಕ್ಕ ತಿದ್ದುತ್ತಾ ಹೋಗ್ತಾರೆ. ಕಡೆಯಲ್ಲಿ ಹೇಳಿದ್ದೇ ನಿಜವಾದ ಅಂಕಿ, ಹಿಂದಿನದೆಲ್ಲ ಹೊಡೆದು ಹಾಕಿ. ಅಂದರೆ ನೀವು ಕಟ್ಟಬೇಕಾದ್ದು 74,000.

ಹಳೇ_ಲೆಡ್ಜರ್:
ತಿದ್ದುತ್ತಾ ಹೋಗ್ತಾರೆ ಅನ್ನೋದು ಸರಿ. ಆದರೆ ಕಡೆಯ ಅಂಕಿ ತಿದ್ದಿದ್ದಲ್ಲ, "ಆಗಸ್ಟ್‌ಗೆ ಹೋದ್ರೆ" ಅನ್ನೋ ಷರತ್ತು ಅದಕ್ಕೆ ಅಂಟಿಕೊಂಡಿದೆ. ಪ್ರತಿ ಅಂಕಿಯ ಪಕ್ಕ ಎರಡು ವಿಷಯ ಬರೀಬೇಕು: ಇದು ಹಿಂದಿನದರ ಬದಲಿಗೆ ಬಂದಿದ್ದಾ, ಹಿಂದಿನದರ ಮೇಲೆ ಕೂಡೋದಾ, ಇಲ್ಲ "ಹೀಗಾದ್ರೆ" ಅನ್ನೋ ಬೇರೆ ದಾರಿಯಾ? ಎರಡನೆಯದು, ಯಾವ ಷರತ್ತಿಗೆ?

62ನ್ನ ನೋಡಿ. ನಿಮ್ಮದು 30% ಸ್ಲ್ಯಾಬ್ ಅಂತ ಇಟ್ಟುಕೊಂಡರೆ ಸೆಸ್ ಸೇರಿ 31.2%. 99,000 ಬಡ್ಡಿಗೆ ತೆರಿಗೆ 30,888. ಬ್ಯಾಂಕ್ 10% ಟಿಡಿಎಸ್ ಹಿಡಿದಿದ್ದರೆ 9,900 ಕಳೆಯಿರಿ, ಉಳಿಯೋದು ಸುಮಾರು 21,000. 41 ಮತ್ತು 21 ಸೇರಿ 62. ಅಂದರೆ 62ರೊಳಗೆ 41 ಆಗಲೇ ಇದೆ. ನಿಮ್ಮ ಪಟ್ಟಿ ಅದನ್ನ ಎರಡು ಸಲ ಎಣಿಸಿದೆ.

ಈಗ 67,610. ಟಿಡಿಎಸ್ ಕಳೆದ ಮೇಲೂ 10,000 ಮೇಲ್ಪಟ್ಟು ಬಾಕಿ ಇದ್ದರೆ ವರ್ಷದ ನಡುವೆಯೇ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕಿತ್ತು. ನೀವು ಕಟ್ಟಿಲ್ಲ, ಹಾಗಾಗಿ ಎರಡು ಬಡ್ಡಿ ಬೀಳುತ್ತೆ. 234B ಪ್ರಕಾರ ಏಪ್ರಿಲ್‌ನಿಂದ ತಿಂಗಳಿಗೆ 1%. ಜುಲೈನಲ್ಲಿ ಕಟ್ಟಿದರೆ ನಾಲ್ಕು ತಿಂಗಳು, 62,000ಕ್ಕೆ 2,480. 234C ಕಂತು ತಪ್ಪಿಸಿದ್ದಕ್ಕೆ. ನಾಲ್ಕೂ ಕಂತು ಸೇರಿ 279, 837, 1,395, 620, ಒಟ್ಟು 3,131. ಎಲ್ಲ ಕೂಡಿದರೆ 67,611, ಹತ್ತಕ್ಕೆ ಸರಿ ಮಾಡಿದರೆ 67,610. ಪೋರ್ಟಲ್ ಮತ್ತು ಆಡಿಟರ್ ಇಬ್ಬರೂ ಒಂದೇ ಮಾತು ಹೇಳ್ತಿದ್ದಾರೆ.

ಆಗಸ್ಟ್‌ಗೆ ಹೋದರೆ 234B ಇನ್ನೊಂದು ತಿಂಗಳು 620, ರಿಟರ್ನ್ ತಡವಾಗಿದ್ದಕ್ಕೆ 234A 620, ಮೇಲೆ ತಡ ಶುಲ್ಕ 5,000. ಅಲ್ಲಿಗೆ 73,850. ಅದೇ ಆ ಎಪ್ಪತ್ನಾಲ್ಕು.

ನೀಲಿಶಾಯಿ:
ಈಗ ಬೆಳಕಾಯಿತು ಸರ್. ನಾನು ಇರೋದು 30% ಸ್ಲ್ಯಾಬ್‌ನಲ್ಲೇ. ಹಾಗಾದರೆ ಜುಲೈ 15?

ಹಳೇ_ಲೆಡ್ಜರ್:
ಅದು ಯಾರ ಗಡುವು ಅಂತ ಕೇಳಿಸಿಕೊಳ್ಳಿ. ಕಾನೂನಿನ ಗಡುವು ನಿಮಗೆ ಜುಲೈ 31.

ನೀಲಿಶಾಯಿ:
"ಹದಿನೈದರೊಳಗೆ ನನಗೆ ಕಳಿಸಿಬಿಡಿ, ಆಮೇಲೆ ರಶ್" ಅಂದಿದ್ದಾರೆ. ಅವರಿಗೆ ಕಾಗದ ಕಳಿಸೋ ದಿನ ಅದು!

ಹಳೇ_ಲೆಡ್ಜರ್:
ಅದಕ್ಕೇ ದಿನಾಂಕದ ಪಕ್ಕ "ಯಾರಿಗೆ" ಅಂತ ಒಂದು ಕಾಲಂ ಇರಬೇಕು. ಫೋನ್‌ನಲ್ಲಿ "ಮೂವತ್ತು ದಿನ" ಅಂತ ಬಂದರೆ ಅದು ಬಹುಶಃ ಇ-ವೆರಿಫೈ. ಅದರ ಎಣಿಕೆ ರಿಟರ್ನ್ ಹಾಕಿದ ದಿನದಿಂದ ಶುರು, ಕ್ಯಾಲೆಂಡರ್‌ನಲ್ಲಿ ಈಗಲೇ ಗುರುತು ಹಾಕೋಕೆ ಆಗಲ್ಲ. 30 ದಿನ ದಾಟಿದರೆ ವೆರಿಫೈ ಮಾಡಿದ ದಿನವನ್ನೇ ರಿಟರ್ನ್ ಹಾಕಿದ ದಿನ ಅಂತ ಲೆಕ್ಕಕ್ಕೆ ತಗೋತಾರೆ.

ಇನ್ನೊಂದು. ಆಡಿಟರ್ "ಇಪ್ಪತ್ಮೂರು-ಇಪ್ಪತ್ನಾಲ್ಕು" ಅಂದರೆ ಹಣಕಾಸು ವರ್ಷ. `e-Pay Tax` ನಲ್ಲಿ ಕಟ್ಟುವಾಗ ಕೇಳೋದು ಅಸೆಸ್‌ಮೆಂಟ್ ವರ್ಷ, ಅಲ್ಲಿ `2024-25` ಆಯ್ಕೆ ಮಾಡಿ. ಬಗೆ `Self-Assessment Tax (300)`. ಅವರು ಹೇಳಿದ್ದನ್ನ ಹಾಗೇ ಬರೆದುಕೊಂಡು ಕಟ್ಟುವಾಗ 23-24 ಆರಿಸಿದರೆ ದುಡ್ಡು ಬೇರೆ ವರ್ಷಕ್ಕೆ ಹೋಗುತ್ತೆ, ರಿಟರ್ನ್‌ನಲ್ಲಿ ಬಾಕಿ ಹಾಗೇ ಕಾಣುತ್ತೆ. ಪಟ್ಟಿಯಲ್ಲಿ ಎರಡೂ ವರ್ಷ ಬರೆಯಿರಿ.

ಶಾಪ್_ಜಿಎಸ್‌ಟಿ:
ನಾನೂ ಹೀಗೇ ಕಾಲ್ ರೆಕಾರ್ಡ್ ಮಾಡ್ತೀನಿ. ನಂದು ಜಿಎಸ್‌ಟಿ, ಪ್ರತಿ ತಿಂಗಳೂ ಗಡುವು. ನನಗೆ ತೊಂದರೆ ಏನಂದ್ರೆ ಕಾಗದದ ಪಟ್ಟಿ ಉದ್ದ ಆಗಿ ಎಲ್ಲಾ ಬಿಲ್ಲೂ ಕಳಿಸ್ತಾ ಕೂತಿರ್ತೀನಿ. ನೀಲಿಶಾಯಿ ಅವರೇ, ಎಲ್ಲಾನೂ ಅಪ್‌ಲೋಡ್ ಮಾಡ್ಬೇಕಾ?

ಹಳೇ_ಲೆಡ್ಜರ್:
ಜಿಎಸ್‌ಟಿ ಬೇರೆ, ಅದಕ್ಕೆ ಹೊಸ ಥ್ರೆಡ್ ಮಾಡಿದರೆ ಚೆನ್ನಾಗಿರುತ್ತೆ. ಇಲ್ಲಿ ಆದಾಯ ತೆರಿಗೆ ರಿಟರ್ನ್ ಜೊತೆ ಯಾವ ಕಾಗದವೂ ಲಗತ್ತಿಸೋದಿಲ್ಲ. ಫಾರ್ಮ್ 16, AIS, ಬ್ಯಾಂಕಿನ ಬಡ್ಡಿ ಸರ್ಟಿಫಿಕೇಟ್ ಆಡಿಟರ್‌ಗೆ ಕಳಿಸೋದು. ಬಾಡಿಗೆ ಕರಾರು, ರಸೀದಿ ಮನೆಯಲ್ಲಿ ಇಟ್ಟುಕೊಳ್ಳೋದು. "ಬೇಕು" ಅಂತ ಒಂದೇ ಮಾತಿನಲ್ಲಿ ಬರೆದರೆ ಇವೆರಡೂ ಬೆರೆತುಹೋಗುತ್ತವೆ.

ನೀಲಿಶಾಯಿ:
ಹೊಸ ಪಟ್ಟಿ ಹೀಗಿದೆ:

```
15 ಜುಲೈ  ಆಡಿಟರ್‌ಗೆ: ಫಾರ್ಮ್ 16, AIS, ಬಡ್ಡಿ ಸರ್ಟಿಫಿಕೇಟ್
31 ಜುಲೈ  ಇಲಾಖೆಗೆ: ಮೊದಲು ತೆರಿಗೆ ಕಟ್ಟಿ, ಚಲನ್ ವಿವರ ಹಾಕಿ ರಿಟರ್ನ್
         67,610 (ಜುಲೈನಲ್ಲೇ ಕಟ್ಟಿದರೆ ಮಾತ್ರ) [21:05]
ಹಾಕಿದ ಮೇಲೆ 30 ದಿನ  ಇ-ವೆರಿಫೈ
ಬಾಕಿ     ಮನೆ ಕಂದಾಯ ರಸೀದಿ [18:20] ???
```

ಕೊನೆ ಸಾಲು ನೋಡಿ. "ಕಂದಾಯದ ರಸೀದಿ ಸಿಕ್ಕರೆ ಸ್ವಲ್ಪ ಕಡಿಮೆ ಆಗುತ್ತೆ" ಅಂದರು, ಎಷ್ಟು ಅಂತ ಹೇಳಲಿಲ್ಲ. 8,000 ಕಟ್ಟಿದ್ದೆ.

ಹಳೇ_ಲೆಡ್ಜರ್:
ಬಾಡಿಗೆಯಲ್ಲಿ ಮೊದಲು ಕಂದಾಯ ಕಳೆದು, ಉಳಿದದ್ದಕ್ಕೆ 30% ಕಡಿತ. ಹಾಗಾಗಿ 8,000 ಕಟ್ಟಿದರೆ ಆದಾಯ 5,600 ಇಳಿಯುತ್ತೆ, ತೆರಿಗೆ ಸುಮಾರು 1,750, ಬಡ್ಡಿಯೂ ಸ್ವಲ್ಪ. ಆದರೆ ನೀವೇ ಕಟ್ಟಿರಬೇಕು, ಅದೂ 2024ರ ಮಾರ್ಚ್ 31ರೊಳಗೆ.

ನೀಲಿಶಾಯಿ:
ಮಾರ್ಚ್‌ನಲ್ಲಾ ಏಪ್ರಿಲ್‌ನಲ್ಲಾ ನೆನಪಿಲ್ಲ. ರಸೀದಿ ಹುಡುಕುತ್ತಿದ್ದೇನೆ.

ಕಡೇಮಾತು:
ಅಲ್ಲಿವರೆಗೆ 67,610 ಅನ್ನೋದನ್ನೇ ಖಾಯಂ ಅಂತ ಇಟ್ಕೊಳ್ಳಬಹುದಲ್ವಾ? ಜಾಸ್ತಿ ಕಟ್ಟಿದರೆ ರಿಫಂಡ್ ಬರುತ್ತೆ.

ಹಳೇ_ಲೆಡ್ಜರ್:
ಬರುತ್ತೆ, ಆದರೆ ರಿಟರ್ನ್‌ನಲ್ಲಿ ಕಂದಾಯ ತೋರಿಸಿದರೆ ಮಾತ್ರ. ಅದಕ್ಕೇ ಪ್ರಶ್ನೆ ಚಿಹ್ನೆ ಅಳಿಸಬೇಡಿ.