‘ಜಾಬ್ ಸಕ್ಸೆಸ್ ಸ್ಕೋರ್’ಗೆ ಕನ್ನಡದಲ್ಲಿ ಏನನ್ನೋಣ?

ಸುಮಾ:
ಎಲ್ಲರಿಗೂ ನಮಸ್ಕಾರ. ಮನೆಯಿಂದಲೇ ಅನುವಾದ, ಡಿಸೈನ್ ಮಾಡುವ ಹುಡುಗಿಯರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅಪ್‌ವರ್ಕ್ ಪ್ರೊಫೈಲ್‌ನಲ್ಲಿ ಶೇಕಡಾ ಲೆಕ್ಕದಲ್ಲಿ ಕಾಣುತ್ತದಲ್ಲ, ಆ ಜಾಬ್ ಸಕ್ಸೆಸ್ ಸ್ಕೋರ್‌ಗೆ ‘ಯಶಸ್ಸಿನ ಪ್ರಮಾಣ’ ಎಂದರೆ ನಡೆಯುತ್ತದಾ? ಕರಡು ಓದಿದವಳೊಬ್ಬಳು ‘ಅಂದ್ರೆ 80 ಇದ್ದರೆ ನೂರಕ್ಕೆ 80 ಕೆಲಸ ಚೆನ್ನಾಗಿ ಮುಗಿದಿವೆ ಅಂತ ತಾನೇ?’ ಅಂತ ಕೇಳಿದಳು. ಹಾಗೇನಾ? ಜೊತೆಗೆ ರೆಸ್ಪಾನ್ಸ್ ಟೈಮ್‌ಗೂ ಒಂದು ಪದ ಬೇಕು.

ಗೋಪಾಲ:
ನಾವು ಆನ್‌ಲೈನ್‌ನಲ್ಲಿ ಸೀರೆ ಮಾರುತ್ತೇವೆ, ನಮ್ಮದೂ ಇದೇ ಗೋಳು. ಕೊರಿಯರ್‌ನವನು ತಡ ಮಾಡಿದರೂ ಸ್ಟಾರ್ ಇಳಿಯೋದು ನಮ್ಮದೇ. ನಾವು ಅಂಗಡಿಯಲ್ಲಿ ‘ಮಾರ್ಕ್ಸು’ ಅಂತೀವಿ, ಎಲ್ಲರಿಗೂ ಅರ್ಥ ಆಗುತ್ತೆ.

ಶ್ರೀಧರ:
ಗೋಪಾಲ್ ಅವರೇ, ಸುಮಾ ಕೇಳ್ತಿರೋದು ಸರಕಿನ ಅಂಗಡಿಯದ್ದಲ್ಲ, ಕೆಲಸ ಕೊಡುವ ತಾಣದ್ದು. ಆದರೂ ‘ಮಾರ್ಕ್ಸು’ ಕೆಟ್ಟ ಪದವೇನಲ್ಲ.

ಸುಮಾ ಮೇಡಂ, ಆ ಹುಡುಗಿ ಅಂದುಕೊಂಡಂತೆ ಅಲ್ಲ. ಒಳ್ಳೆಯದಾಗಿ ಮುಗಿದ ಕೆಲಸಗಳಿಂದ ಕೆಟ್ಟದಾಗಿ ಮುಗಿದವನ್ನು ಕಳೆದು, ಬಂದದ್ದನ್ನು ಒಟ್ಟು ಕೆಲಸಗಳಿಂದ ಭಾಗಿಸುತ್ತಾರೆ. 10 ಕೆಲಸದಲ್ಲಿ 9 ಚೆನ್ನಾಗಿ ಮುಗಿದು 1 ಕೆಟ್ಟಿತು ಅನ್ನಿ. 9ರಲ್ಲಿ 1 ಕಳೆದರೆ 8, ಅಂದರೆ ಶೇ. 80. ನಾವು 90 ಅಂತ ಕಾಯ್ತಾ ಕೂತಿರ್ತೀವಿ! ಕೆಟ್ಟ ಕೆಲಸ ಒಳ್ಳೆಯದರ ಲೆಕ್ಕದಿಂದ ಬಿಟ್ಟುಹೋಗುತ್ತದೆ, ಮೇಲಿಂದ ಇನ್ನೊಂದನ್ನೂ ಎಳೆದುಕೊಂಡು ಹೋಗುತ್ತದೆ. ಮತ್ತೆ 90 ಮುಟ್ಟಬೇಕಾದರೆ ಇನ್ನೂ 10 ಕೆಲಸ ಒಂದೂ ಕೆಡದಂತೆ ಮುಗಿಸಬೇಕು, ಆಗ 20ರಲ್ಲಿ 19 ಒಳ್ಳೆಯದು, 1 ಕೆಟ್ಟದ್ದು. ಟಾಪ್ ರೇಟೆಡ್ ಬ್ಯಾಡ್ಜ್‌ಗೆ ಕನಿಷ್ಠ 90 ಬೇಕಾದ್ದರಿಂದ ಈ ವ್ಯತ್ಯಾಸ ಸಣ್ಣದಲ್ಲ. ಇದು ಕೆಲಸಗಳೆಲ್ಲ ಒಂದೇ ತೂಕ ಅಂದುಕೊಂಡ ಲೆಕ್ಕ. ನಿಜದಲ್ಲಿ ದೊಡ್ಡ ಮೊತ್ತದ ಕೆಲಸಕ್ಕೆ ತೂಕ ಜಾಸ್ತಿ. 6, 12, 24 ತಿಂಗಳಿನ ಲೆಕ್ಕ ಬೇರೆ ಬೇರೆ ಹಾಕಿ, ಅದರಲ್ಲಿ ಹೆಚ್ಚಿರುವುದನ್ನು ತೋರಿಸುತ್ತಾರೆ.

ನವೀನ:
ಅಷ್ಟೊಂದು ತಲೆ ಕೆಡಿಸ್ಕೋಬೇಡಿ. ಐದು ಸ್ಟಾರ್ ಬಂದರೆ ಒಳ್ಳೆಯದು, ಬರದಿದ್ದರೆ ಕೆಟ್ಟದ್ದು. ಕೆಟ್ಟರೆ ಪೂರ್ತಿ ದುಡ್ಡು ವಾಪಸ್ ಕೊಡಿ, ಎಲ್ಲ ಅಳಿಸಿಹೋಗುತ್ತೆ.

ಶ್ರೀಧರ:
ಅರ್ಧ ಸರಿ, ನವೀನ್. ಪೂರ್ತಿ ದುಡ್ಡು ವಾಪಸ್ ಕೊಟ್ಟರೆ ಪ್ರೊಫೈಲ್‌ನಿಂದ ಸ್ಟಾರ್ ಹೋಗುತ್ತೆ, ಸ್ಕೋರಿನ ಮೇಲೆ ಬಿದ್ದ ಪೆಟ್ಟು ಉಳಿಯಬಹುದು. ಇನ್ನು ಸ್ಟಾರ್ ಅನ್ನೋದು ಕಾಣುವ ಭಾಗ ಅಷ್ಟೇ. ಕೆಲಸ ಮುಗಿದಾಗ ಕ್ಲೈಂಟ್‌ಗೆ ಇನ್ನೊಂದು ಪ್ರಶ್ನೆ ಬರುತ್ತೆ: ಇವರನ್ನು ನಿಮ್ಮ ಸ್ನೇಹಿತರಿಗೆ ಶಿಫಾರಸು ಮಾಡ್ತೀರಾ, 0ಯಿಂದ 10ರೊಳಗೆ ಎಷ್ಟು? ಆ ಉತ್ತರ ನಮಗೆ ಕಾಣುವುದಿಲ್ಲ. ಮುಖದ ಮುಂದೆ ಐದು ಸ್ಟಾರ್ ಕೊಟ್ಟು ಒಳಗಡೆ 4 ಒತ್ತಿ ಹೋಗುವವರು ಇರ್ತಾರೆ, ಆಗ ಸ್ಟಾರ್‌ಗಳೆಲ್ಲ ಚೆನ್ನಾಗಿದ್ದೂ ಸ್ಕೋರ್ ಇಳಿಯುತ್ತೆ.

ಸುಮಾ:
ಹಾಗಾದರೆ ಹುಡುಗಿಯರಿಗೆ ಏನು ಹೇಳಲಿ? ಒಳ್ಳೆಯ ಮಾತು ಬರೆಯಿರಿ ಅಂತ ಕ್ಲೈಂಟನ್ನು ಕೇಳಬಹುದಾ?

ಶ್ರೀಧರ:
ಅನಿಸಿದ್ದನ್ನು ಬರೆಯಿರಿ ಅಂತ ಕೇಳಬಹುದು. ಐದು ಸ್ಟಾರ್ ಕೊಡಿ, ಇಲ್ಲಾಂದ್ರೆ ಫೈಲ್ ಕೊಡಲ್ಲ ಅನ್ನೋದು ನಿಯಮಕ್ಕೆ ವಿರುದ್ಧ. ನನ್ನ ಅನುಭವದಲ್ಲಿ ಕೆಲಸ ಹಾಳಾಗೋದು ಶುರುವಿನಲ್ಲೇ. ಅನುವಾದದ ಕೆಲಸ ಒಪ್ಪಿಕೊಳ್ಳುವಾಗ ಎಷ್ಟು ಪದ, ಯಾವ ಫೈಲು, ತಿದ್ದುಪಡಿ ಎಷ್ಟು ಸಲ ಅಂತ ಬರಹದಲ್ಲಿ ಹಾಕಿಕೊಳ್ಳದಿದ್ದರೆ, ಕೊನೆಗೆ ‘ಇದನ್ನೂ ಸೇರಿಸಿ ಕೊಡಿ’ ಅಂತ ಬರುತ್ತೆ, ಅವರಿಗೂ ಬೇಜಾರು ನಮಗೂ ಬೇಜಾರು. ದೊಡ್ಡ ಕೆಲಸವಾದರೆ ಮೈಲ್‌ಸ್ಟೋನ್‌ಗಳಾಗಿ ಒಡೆಯಿರಿ. ಮೊದಲ ಎರಡು ಪುಟ ಕಳಿಸಿ ಒಪ್ಪಿಗೆ ತಗೊಂಡೇ ಮುಂದಕ್ಕೆ ಹೋಗಿ, ಶೈಲಿ ಹಿಡಿಸದಿದ್ದರೆ ಅಲ್ಲೇ ಗೊತ್ತಾಗುತ್ತೆ. ಕಾಂಟ್ರಾಕ್ಟ್ ಮುಚ್ಚುವ ಮುಂಚೆ ‘ಏನಾದರೂ ಸರಿಪಡಿಸೋದು ಉಳಿದಿದೆಯಾ?’ ಅಂತ ಒಂದು ಸಾಲು ಕೇಳಿ. ಕೈಲಾಗದ ಕೆಲಸ ಬಂದರೆ ಬೇಡ ಅನ್ನಿ, ಸಣ್ಣ ಪ್ರೊಫೈಲ್‌ಗೆ ಒಂದು ಕೆಟ್ಟ ಕೆಲಸವೂ ಭಾರ.

ರೇಖಾ:
ರೆಸ್ಪಾನ್ಸ್ ಟೈಮ್ ಬಗ್ಗೆ ನಾನು ಹೇಳ್ತೀನಿ, ನಾನಿರೋದು ಫೈವರ್‌ನಲ್ಲಿ. ಅಲ್ಲಿ ಲೆಕ್ಕಕ್ಕೆ ಬರೋದು ಹೊಸಬರ ಮೊದಲ ಮೆಸೇಜ್‌ಗೆ ನಾವು ಕೊಡುವ ಮೊದಲ ಉತ್ತರ. ಕೊನೆಯ ಮಾತು ನಮ್ಮದೇ ಆಗಿರಬೇಕು ಅಂತ ‘ಓಕೆ’, ‘ಥ್ಯಾಂಕ್ಯೂ’ ಕಳಿಸ್ತಾ ಕೂರೋರಿದ್ದಾರೆ, ಸುಮ್ನೆ ವೇಸ್ಟು. ಕ್ಯಾಲಿಫೋರ್ನಿಯಾದವರು ಬೇಸಿಗೆಯಲ್ಲಿ ಮಧ್ಯಾಹ್ನ 2ಕ್ಕೆ ಬರೆದರೆ ನಮಗೆ ರಾತ್ರಿ ಎರಡೂವರೆ. ಎದ್ದ ತಕ್ಷಣ 7ಕ್ಕೆ ಉತ್ತರ ಕೊಟ್ಟರೂ ನಾಲ್ಕೂವರೆ ಗಂಟೆ ದಾಟಿರುತ್ತೆ. 24 ಗಂಟೆಯ ಒಳಗೇ ಆದ್ದರಿಂದ ಉತ್ತರಿಸಿದವರ ಪಟ್ಟಿಗೆ ಸೇರುತ್ತೆ, ಸರಾಸರಿ ಮಾತ್ರ ಸ್ವಲ್ಪ ಎಳೆಯುತ್ತೆ. ಅದಕ್ಕೋಸ್ಕರ ನಿದ್ದೆ ಬಿಡಬೇಕಾ, ಹೇಳಿ? ಬೆಳಿಗ್ಗೆ ಒಂದು ನಿಜವಾದ ಪ್ರಶ್ನೆ ಕೇಳಿ ಉತ್ತರಿಸಿದರೆ ಸಾಕು ಅನ್ನೋದು ನನ್ನ ಮತ.

ಪದ ‘ಉತ್ತರಿಸುವ ವೇಗ’ ಬೇಡ, ‘ಮೊದಲ ಉತ್ತರದ ಸಮಯ’ ಅನ್ನಿ.

ನವೀನ:
ಅಷ್ಟುದ್ದ ಮೊಬೈಲ್ ಪರದೆಯಲ್ಲಿ ಹಿಡಿಯಲ್ಲ. ‘ರೆಸ್ಪಾನ್ಸ್ ಟೈಮ್’ ಅಂತಲೇ ಬರೆಯಿರಿ.

ಸುಮಾ:
ಸ್ಕೋರ್‌ಗೆ ‘ಕೆಲಸದ ಅಂಕ’ ಅಂತ ಹಾಕಿ, ಕೆಳಗೆ ಆ 9ರಲ್ಲಿ 1 ಕಳೆಯುವ ಲೆಕ್ಕ ಕೊಡ್ತೀನಿ. ‘ಪ್ರಮಾಣ’ ಬಿಟ್ಟೆ. ರೆಸ್ಪಾನ್ಸ್ ಟೈಮ್ ವಿಷಯ ಇನ್ನೂ ತೀರ್ಮಾನವಾಗಿಲ್ಲ, ರೇಖಾ ಅವರದ್ದೇ ಹಿಡಿಸುತ್ತೆ, ನವೀನ್ ಹೇಳೋದೂ ನಿಜ. ಬೇರೆ ಯಾರಿಗಾದರೂ ಚಿಕ್ಕ ಪದ ಹೊಳೆದರೆ ಭಾನುವಾರದೊಳಗೆ ಹೇಳಿ.