‘ಕ್ಯಾರಿಯರ್ ಆಯಿಲ್’ಗೆ ಕನ್ನಡದಲ್ಲಿ ಏನನ್ನೋಣ?

ಸೋಮವಾರಪೇಟೆಯಿಂದ ಪ್ರಶ್ನೆ:
ನಮ್ಮ ಮಹಿಳಾ ಸಂಘದವರು ಜೇನುಮೇಣದಿಂದ ಗಟ್ಟಿ ಸುಗಂಧ ತಯಾರಿಸಿ ಪುಟ್ಟ ತಗಡಿನ ಡಬ್ಬಿಗಳಲ್ಲಿ ತುಂಬುತ್ತಾರೆ. ಅದರ ವಿಧಾನವನ್ನು ಕನ್ನಡದಲ್ಲಿ ಅಚ್ಚು ಹಾಕಿಸಬೇಕಾಗಿದೆ. ‘ಕ್ಯಾರಿಯರ್ ಆಯಿಲ್’ಗೆ ‘ವಾಹಕ ತೈಲ’ ಎಂದು ಬರೆದರೆ ವಿದ್ಯುತ್ ವಾಹಕ ನೆನಪಾಗುತ್ತದೆ ಎನ್ನುತ್ತಾರೆ. ಬೇರೆ ಪದ ಇದೆಯೇ? ಸಿದ್ಧವಾದ ವಸ್ತುವನ್ನು ಏನೆಂದು ಕರೆಯೋಣ?

ಮಡಿಕೇರಿಯಿಂದ:
‘ಪುನುಗು’ ಎನ್ನಿ. ಅದೂ ಗಟ್ಟಿಯಾಗಿಯೇ ಇರುತ್ತದೆ, ಬೆರಳಲ್ಲಿ ತೆಗೆದು ಹಚ್ಚಿಕೊಳ್ಳುವುದೇ. ಹಳೆಯ ಪದ, ಎಲ್ಲರಿಗೂ ಗೊತ್ತು.

ವಿರಾಜಪೇಟೆಯಿಂದ:
ಹಚ್ಚಿಕೊಳ್ಳುವ ರೀತಿ ಒಂದೇ ಇರಬಹುದು, ಆದರೆ ಪುನುಗು ಪುನುಗು ಬೆಕ್ಕಿನಿಂದ ಬರುವ ವಸ್ತು. ಡಬ್ಬಿಯ ಮೇಲೆ ಆ ಹೆಸರು ಹಾಕಿದರೆ ಕೊಳ್ಳುವವರಿಗೆ ಸುಳ್ಳು ಹೇಳಿದಂತಾಗುತ್ತದೆ.

ಎಣ್ಣೆಗೆ ‘ಆಧಾರ ಎಣ್ಣೆ’ ಎಂದು ಬರೆಯಿರಿ, ಅದರ ಕೆಲಸಕ್ಕೆ ಒಪ್ಪುತ್ತದೆ. ಲಾವಂಚದಂತಹ ಸುಗಂಧ ತೈಲವನ್ನು ನೇರವಾಗಿ ಚರ್ಮಕ್ಕೆ ಹಚ್ಚದಂತೆ ಅದು ತೆಳುವಾಗಿಸುತ್ತದೆ, ಮೇಣವನ್ನು ಬೆರಳಿಗೆ ಹತ್ತುವಷ್ಟು ಮೆತ್ತಗೂ ಮಾಡುತ್ತದೆ. ನಾನು ಹತ್ತು ಗ್ರಾಂ ಜೇನುಮೇಣಕ್ಕೆ 25 ಗ್ರಾಂ ಬಾದಾಮಿ ಎಣ್ಣೆ, 4 ಗ್ರಾಂ ಲಾವಂಚದ ತೈಲ ಹಾಕುತ್ತೇನೆ. ಎಲ್ಲವನ್ನೂ ತೂಗಿಯೇ ಹಾಕಬೇಕು. ಚಮಚದ ಅಳತೆಯಲ್ಲಿ ಮೇಣದ ತುರಿಗೂ ಗಡ್ಡೆಗೂ ಲೆಕ್ಕ ತಾಳೆಯಾಗುವುದಿಲ್ಲ.

‘ಕುದಿಸಿ’ ಎಂದು ಮಾತ್ರ ಅಚ್ಚು ಹಾಕಿಸಬೇಡಿ, ‘ಕರಗಿಸಿ’ ಎನ್ನಿ. ಜೇನುಮೇಣ 62ರಿಂದ 65 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕರಗುತ್ತದೆ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟ ಬಟ್ಟಲು ಸಾಕು. ಮೇಣವೂ ಎಣ್ಣೆಯೂ ಒಂದಾದ ಮೇಲೆ ಇಳಿಸಿ, ಬಟ್ಟಲಿನ ಅಂಚಿನಲ್ಲಿ ಕೆನೆಗಟ್ಟಲು ತೊಡಗಿದಾಗ ಸುಗಂಧ ತೈಲ ಹಾಕಿ ಕಲಸಿ, ಕೂಡಲೇ ಡಬ್ಬಿಗೆ ಹುಯ್ಯಬೇಕು. ಬಿಸಿ ಹೆಚ್ಚಿರುವಾಗಲೇ ಹಾಕಿದರೆ ಪರಿಮಳ ಅಡುಗೆಮನೆಗೆ ಹೋಗುತ್ತದೆ, ಡಬ್ಬಿಯಲ್ಲಿ ಉಳಿಯುವುದಿಲ್ಲ.

ಇನ್ನೊಂದು ಮಾತು: ಬರಿಯ ‘ಮೇಣ’ ಎಂದು ಬರೆದರೆ ಕೆಲವರಿಗೆ ಮೇಣದಬತ್ತಿ, ಕೆಲವರಿಗೆ ಹಲಸಿನ ಮೇಣ. ಪ್ರತಿ ಸಲವೂ ‘ಜೇನುಮೇಣ’ ಎಂದೇ ಇರಲಿ.

ಗೋಣಿಕೊಪ್ಪಲಿನಿಂದ:
ನನ್ನ ಹಿಮ್ಮಡಿ ಚಳಿಗಾಲದಲ್ಲಿ ಬಿರಿಯುತ್ತದೆ. ಕೊಬ್ಬರಿ ಎಣ್ಣೆಯಲ್ಲೇ ಇದನ್ನು ಮಾಡಿಕೊಂಡರೆ ಆಗುತ್ತದೆಯೇ?

ವಿರಾಜಪೇಟೆಯಿಂದ:
ಹಿಮ್ಮಡಿಗೆ ಮಾಡುವುದಾದರೆ ಸುಗಂಧ ತೈಲ ಬಿಡಿ. ಬಿರಿದ ಚರ್ಮ ಉರಿಯುತ್ತದೆ. ಕೊಬ್ಬರಿ ಎಣ್ಣೆ ಆಗುತ್ತದೆ, ಆದರೆ ಅದು 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುವುದರಿಂದ ನಮ್ಮ ಡಿಸೆಂಬರ್ ಬೆಳಗ್ಗೆ ಡಬ್ಬಿ ಕಲ್ಲಾಗಿರುತ್ತದೆ. ಮೇಣ ಕಡಿಮೆ ಮಾಡಿ. ಹುಯ್ಯುವ ಮೊದಲು ತಣ್ಣನೆಯ ಚಮಚದ ಮೇಲೆ ಒಂದು ತೊಟ್ಟು ಬಿಟ್ಟು ನೋಡಿದರೆ ಹದ ತಿಳಿಯುತ್ತದೆ. ಉಗುರಿನಿಂದ ಕೆರೆಯಬೇಕಾಗಿ ಬಂದರೆ ಎಣ್ಣೆ ಸಾಲದು. ಬೆರಳಿಟ್ಟ ಕೂಡಲೇ ಜಾರಿದರೆ ಮೇಣ ಸಾಲದು.

ಸೋಮವಾರಪೇಟೆಯಿಂದ:
‘ಆಧಾರ ಎಣ್ಣೆ’ಯನ್ನು ಒಪ್ಪಿಕೊಂಡೆ, ‘ಕರಗಿಸಿ’ ಎಂದೂ ತಿದ್ದಿದೆ. ಹೆಸರು ಮಾತ್ರ ಉಳಿದಿದೆ. ಸಂಘದಲ್ಲಿ ಅರ್ಧದಷ್ಟು ಮಂದಿ ‘ಗಂಧಮೇಣ’ ಎನ್ನುತ್ತಾರೆ. ಶ್ರೀಗಂಧವೇ ಇದೆ ಎಂದು ಜನ ತಿಳಿದುಕೊಳ್ಳುತ್ತಾರೆ ಎಂಬುದು ಉಳಿದವರ ಆಕ್ಷೇಪ. ‘ಪರಿಮಳಮೇಣ’ ಹೇಗೆ?