ಅಪ್‌ಡೇಟ್: ಪುಣೆಯ ನೈಟ್ ಶಿಫ್ಟ್, ತಂಗಿಯ ಹಗಲು ನಿದ್ದೆ

ನಾನು ಕೇಳಿದ್ದು: "ಗದಗಿನಿಂದ ಬಂದ ತಂಗಿಗೆ ಹಿಂಜೇವಾಡಿಯ ಕಾಲ್ ಸೆಂಟರಿನಲ್ಲಿ ರಾತ್ರಿ 9:30ರಿಂದ ಬೆಳಗ್ಗೆ 6:30ರ ಶಿಫ್ಟ್. ಎಂಟಕ್ಕೆ ಮಲಗಿದರೂ ಹನ್ನೊಂದಕ್ಕೇ ಎಚ್ಚರ. ಏನು ಮಾಡೋದು?"

ಮೂರು ವಾರ ಆಯ್ತು. ಈಗ ಮಧ್ಯಾಹ್ನ ಒಂದೂವರೆವರೆಗೆ ಮಲಗ್ತಾಳೆ.

ನೀವು ಹೇಳಿದಂತೆ ಮೊದಲ ಕಳ್ಳ ಬೆಳಗಿನ ಬಿಸಿಲೇ. ಕ್ಯಾಬಿನಲ್ಲಿ ಕಣ್ಣಿಗೆ ಬೀಳೋ ಬೆಳಕು ಮೈಗೆ "ಹಗಲಾಯ್ತು" ಅನ್ನುತ್ತೆ. ಅದಕ್ಕೇ ಆಫೀಸಿನಿಂದ ಹೊರಡುವಾಗಲೇ ಕಪ್ಪು ಕನ್ನಡಕ. (ಸ್ವಂತ ಗಾಡಿ ಓಡಿಸೋರು ಮಾತ್ರ ಇದನ್ನು ಮಾಡಬೇಡಿ, ತೂಕಡಿಕೆ ಬರುತ್ತೆ.) ಪಿಜಿ ಕಿಟಕಿಗೆ ಕಪ್ಪು ಬಟ್ಟೆ ಎರಡು ಪದರ. ಮುಂದೆ ಚಾಚಿದ ಕೈ ಕಾಣಿಸಿದರೆ ಕತ್ತಲೆ ಸಾಲದು ಅಂತ ಲೆಕ್ಕ. ನಾವು ಅಂಚಿನ ಸಂದಿಗೂ ಟೇಪ್ ಹಚ್ಚಬೇಕಾಯ್ತು.

ಎರಡನೆಯದು ಬೆಳಗಿನ ಜಾವ ನಾಲ್ಕು ಗಂಟೆಯ ಚಹಾ. ಕೆಫೀನ್ ಅರ್ಧ ಇಳಿಯೋಕೇ ಸುಮಾರು ಐದು ಗಂಟೆ ಬೇಕು, ಅಂದರೆ ಒಂಬತ್ತಕ್ಕೂ ಅರ್ಧ ಉಳಿದಿರುತ್ತೆ. ಈಗ ಕೊನೆಯ ಚಹಾ ರಾತ್ರಿ ಒಂದಕ್ಕೆ.

ಕೆಡೋದು ರಜೆಯಲ್ಲೇ. ರಾತ್ರಿ ಹತ್ತಕ್ಕೆ ಮಲಗಿದರೆ ಸೋಮವಾರ ಮತ್ತೆ ಮೊದಲಿಂದ. ಅದಕ್ಕೆ ರಜೆಯಲ್ಲಿ ಬೆಳಗಿನ ಜಾವ ಮೂರರಿಂದ ಹನ್ನೊಂದು. ಊರಿಗೆ ಹೋದಾಗ ಮಾತ್ರ ಅವ್ವ ಆರಕ್ಕೇ ಎಬ್ಬಿಸ್ತಾಳೆ, ಅದಕ್ಕೆ ಉಪಾಯ ಸಿಕ್ಕಿಲ್ಲ.